ಭಾನುವಾರ ಹುಟ್ಟಿ ಭಾನುವಾರವೇ ಮುಗಿಯುವ ಕೆಲಸ

*ಮಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಮನೆ ಸಾಲ ಇದೆ, ಕೆಲಸ ಬಿಡುವ ಹಾಗಿಲ್ಲ. ವಾರದ ದಿನಗಳಲ್ಲಿ ಒಂದು ಗಂಟೆಯೂ ಸಿಗುವುದಿಲ್ಲ. ಶನಿವಾರ, ಭಾನುವಾರ ಮಾತ್ರ ಮಾಡಬಹುದಾದ ಸಣ್ಣ ಉದ್ಯೋಗ ಏನಾದರೂ ಇದೆಯಾ?*

ನಾನು ಮೊದಲು ಅಣಬೆ ಬೆಳೆಸಲು ಹೋಗಿ ಕೈ ಸುಟ್ಟುಕೊಂಡವನು. ಚಿಪ್ಪು ಅಣಬೆಯ ಚೀಲ ಕಟ್ಟುವುದೇನೋ ಭಾನುವಾರದ ಕೆಲಸವೇ. ಆದರೆ ಮೊಗ್ಗು ಬಂದ ಮೇಲೆ ದಿನಾ ನೀರು ಚಿಮುಕಿಸಬೇಕು. ಬುಧವಾರ ಬಲಿತರೆ ಬುಧವಾರವೇ ಕೊಯ್ಯಬೇಕು. ನಾನು ಮೀಟಿಂಗ್‌ನಲ್ಲಿ, ಅಮ್ಮ ಸ್ಪ್ರೇ ಬಾಟ್ಲಿ ಹಿಡಿದು ಶೆಡ್‌ನಲ್ಲಿ. ಎರಡನೇ ತಿಂಗಳಿಗೆ ಅಮ್ಮನೇ ಬೇಡ ಅಂದರು.

ಈಗ ಮೂರು ಸೀಸನ್‌ನಿಂದ ಉಡುಪಿ ಸುತ್ತಮುತ್ತ ಮದುವೆ, ಉಪನಯನ, ಗೃಹಪ್ರವೇಶ, ಒಮ್ಮೊಮ್ಮೆ ಯಕ್ಷಗಾನವನ್ನು ಯೂಟ್ಯೂಬ್‌ನಲ್ಲಿ ಲೈವ್ ಮಾಡಿಕೊಡುತ್ತೇನೆ. ನಮ್ಮ ಕಡೆ ದುಬೈಯಲ್ಲೋ ಮಸ್ಕತ್‌ನಲ್ಲೋ ಒಬ್ಬ ಮಾವ ಇಲ್ಲದ ಮನೆ ಕಡಿಮೆ, ಅಲ್ವಾ? ಫೋಟೋಗ್ರಾಫರ್‌ಗಳೂ ಲೈವ್ ಕೊಡುತ್ತಾರೆ. ಆದರೆ ಅವರ ಗಮನ ಆಲ್ಬಮ್ ಮೇಲೆ, ನೆಟ್ ಕೈಕೊಟ್ಟರೆ ತಲೆನೋವು. ಹಾಗಾಗಿ ಅವರೇ ನನಗೆ ಕೆಲಸ ಕೊಡುವವರು. ನಾನು ಜಾಹೀರಾತು ಹಾಕಿಲ್ಲ, ಇಬ್ಬರು ಫೋಟೋಗ್ರಾಫರ್‌ಗಳ ಪರಿಚಯ ಸಾಕಾಯಿತು.

ಸಾಮಾನು ಜಾಸ್ತಿ ಬೇಡ. ಲ್ಯಾಪ್‌ಟಾಪ್ ಇದೆ, ಲೈವ್ ಕಳಿಸುವ ತಂತ್ರಾಂಶ OBS ಉಚಿತ. ಒಂದು ಕ್ಯಾಮೆರಾ, ಟ್ರೈಪಾಡ್, ಕ್ಯಾಮೆರಾದ ಚಿತ್ರವನ್ನು ಲ್ಯಾಪ್‌ಟಾಪ್‌ಗೆ ತರುವ ಕ್ಯಾಪ್ಚರ್ ಕಾರ್ಡ್, ಮೈಕ್‌ನ ಸ್ವರ ತರುವ ಆಡಿಯೋ ಇಂಟರ್‌ಫೇಸ್, ಬೇರೆ ಬೇರೆ ಕಂಪನಿಯ ಎರಡು ಸಿಮ್. ಕ್ಯಾಮೆರಾ ಕೊಳ್ಳುವ ಮೊದಲು ಒಂದು ನೋಡಿ: ಎಚ್‌ಡಿಎಂಐನಲ್ಲಿ ಬರುವ ಚಿತ್ರದ ಮೇಲೆ ಬ್ಯಾಟರಿ ಗುರುತು, ಫೋಕಸ್ ಚೌಕ ಕಾಣಿಸಬಾರದು. ಕೆಲವು ಹಳೆಯ ಮಾಡೆಲ್‌ಗಳಲ್ಲಿ ಅವನ್ನು ತೆಗೆಯಲು ಬರುವುದೇ ಇಲ್ಲ. ಇನ್ನು ಹೊಸ ಯೂಟ್ಯೂಬ್ ಚಾನೆಲ್‌ನಲ್ಲಿ ಲೈವ್ ಶುರುವಾಗಲು 24 ಗಂಟೆ ಹಿಡಿಯಬಹುದು. ಭಾನುವಾರ ಬೆಳಿಗ್ಗೆ ಚಾನೆಲ್ ತೆರೆದು ಕೂತರೆ ಆಗುವುದಿಲ್ಲ.

ನಿಜವಾದ ಕೆಲಸ ಇರುವುದು ನೆಟ್‌ನಲ್ಲಿ. ಬೆಳ್ಮಣ್ ಕಡೆಯ ಒಂದು ಉಪನಯನದ ಕಥೆ ಹೇಳುತ್ತೇನೆ. ಮನೆ ತೋಟದ ನಡುವೆ ತಗ್ಗಿನಲ್ಲಿತ್ತು. ಶನಿವಾರ ಹೋಗಿ ಅಂಗಳದಲ್ಲಿ ಅಪ್‌ಲೋಡ್ ವೇಗ ನೋಡಿದೆ. ಒಂದು ಸಿಮ್‌ನಲ್ಲಿ 2 ಎಂಬಿಪಿಎಸ್, ಇನ್ನೊಂದರಲ್ಲಿ 5 ತೋರಿಸಿ ಮತ್ತೆ 3ಕ್ಕೆ ಇಳಿಯುತ್ತಿತ್ತು. ಅದೂ ಖಾಲಿ ಅಂಗಳದಲ್ಲಿ. ಮರುದಿನ ನಾನೂರು ಜನ, ನಾನೂರು ಫೋನ್ ಬಂದರೆ ಅದೇ ಟವರ್ ಹಂಚಿಕೊಳ್ಳಬೇಕು. ನನ್ನ ಲೆಕ್ಕ ಇಷ್ಟೇ: ಬಿಟ್‌ರೇಟ್ ಅಂದರೆ ಲೈವ್‌ಗೆ ಸೆಕೆಂಡಿಗೆ ಕಳಿಸುವ ಡೇಟಾ, ಅದನ್ನು ಅತಿ ಕಡಿಮೆ ಸಿಕ್ಕ ವೇಗದ ಅರ್ಧಕ್ಕಿಂತ ಮೇಲೆ ಇಡುವುದಿಲ್ಲ. 720ಪಿ ಚಿತ್ರ ಚೆನ್ನಾಗಿ ಹೋಗಲು 3000ರಿಂದ 4000 ಕೆಬಿಪಿಎಸ್, ಅಂದರೆ 3ರಿಂದ 4 ಎಂಬಿಪಿಎಸ್ ಬೇಕು. ಅಂದರೆ ಈ ಸಿಮ್‌ಗಳನ್ನು ನಂಬುವಂತಿರಲಿಲ್ಲ.

ಪಕ್ಕದ ಮನೆಯಲ್ಲಿ ಫೈಬರ್ ಇತ್ತು. ಎಪ್ಪತ್ತು ಮೀಟರ್ ದೂರ. ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ತೊಂದರೆ ಇಲ್ಲದೆ ನಡೆಯುತ್ತದೆ. ಆ ಮನೆಯವರನ್ನು ಕೇಳಿ, ಕಾಲಿಗೆ ಸಿಗದ ಹಾಗೆ ಅಡಿಕೆ ಮರಗಳಿಗೆ ಕಟ್ಟಿಕೊಂಡು ಕೇಬಲ್ ಎಳೆದೆವು. ಅಪ್‌ಲೋಡ್ 30 ಸಿಕ್ಕಿತು. ನೆಮ್ಮದಿಯಾಗಿ ಮಲಗಿದೆ.

ಭಾನುವಾರ ಮುಹೂರ್ತಕ್ಕೆ ಹತ್ತು ನಿಮಿಷ ಇರುವಾಗ ಕರೆಂಟ್ ಹೋಯಿತು. ನಮ್ಮ ಅಂಗಳದಲ್ಲಿ ಜನರೇಟರ್ ಇತ್ತು, ದೀಪ, ಮೈಕ್, ಲ್ಯಾಪ್‌ಟಾಪ್ ಎಲ್ಲ ಸರಿ. ಆದರೆ ಪಕ್ಕದ ಮನೆಯ ರೂಟರ್‌ಗೆ ಜನರೇಟರ್ ಎಲ್ಲಿಂದ ಬರಬೇಕು ಮಾರಾಯ್ರೆ! OBSನ ಕೆಳಗಿನ ಮೂಲೆಯಲ್ಲಿ Dropped Frames, ಅಂದರೆ ಕಳಿಸಲಾಗದೆ ಬಿಟ್ಟುಹೋದ ಚಿತ್ರಗಳ ಲೆಕ್ಕ, ಏರತೊಡಗಿದಾಗಲೇ ಗೊತ್ತಾದದ್ದು. ಬಿಟ್‌ರೇಟ್ 1000ಕ್ಕೆ ಇಳಿಸಿ ಸಿಮ್‌ಗೆ ಹಾಕುವಷ್ಟರಲ್ಲಿ ಆರು ನಿಮಿಷ ಹೋಯಿತು. ಮಸ್ಕತ್‌ನಿಂದ ಫೋನ್ ಬಂದೇ ಬಂತು. ಮುಹೂರ್ತ ಮಸುಕಾಗಿಯಾದರೂ ಹೋಯಿತು, ಅದು ಪುಣ್ಯ. ಅಂದಿನಿಂದ ರೂಟರ್‌ಗೆ ಹಾಕುವ 12 ವೋಲ್ಟ್‌ನ ಪುಟ್ಟ ಯುಪಿಎಸ್ ನನ್ನ ಚೀಲದಲ್ಲಿ ಇದ್ದೇ ಇರುತ್ತದೆ. ಲೈವ್ ಹೋಗುವಾಗಲೇ ಲ್ಯಾಪ್‌ಟಾಪ್‌ನಲ್ಲಿ mkv ರೂಪದಲ್ಲಿ ರೆಕಾರ್ಡ್ ಕೂಡ ಮಾಡುತ್ತೇನೆ. mp4 ಆದರೆ ಮಧ್ಯದಲ್ಲಿ ಯಂತ್ರ ನಿಂತಾಗ ಇಡೀ ಕಡತ ತೆರೆಯದೆ ಹೋಗಬಹುದು, mkvಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ.

ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಸ್ವರ ಹಾಳಾದರೆ ಲಿಂಕ್ ಮುಚ್ಚುತ್ತಾರೆ. ಮೈಕ್‌ನವರ ಮಿಕ್ಸರ್‌ನಿಂದ ನೇರ ಲೈನ್ ತೆಗೆದುಕೊಳ್ಳಿ. ಗುಂಯ್ ಅನ್ನುವ ಸದ್ದು ಬಂದರೆ ಲ್ಯಾಪ್‌ಟಾಪ್‌ನ ಚಾರ್ಜರ್ ಒಮ್ಮೆ ಕಿತ್ತು ನೋಡಿ. ಸದ್ದು ನಿಂತರೆ ಅದು ಅರ್ಥಿಂಗ್ ಗಲಾಟೆ, ಮಿಕ್ಸರ್ ಲೈನ್‌ನ ನಡುವೆ ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸರಿಯಾಗುತ್ತದೆ. ಯಕ್ಷಗಾನದಲ್ಲಿ ಇನ್ನೊಂದು ಬಲೆ ಇದೆ. ಭಾಗವತರ ಪದ ಮಿಕ್ಸರ್‌ನಲ್ಲಿ ಚೆನ್ನಾಗಿ ಬರುತ್ತದೆ. ಚೆಂಡೆ ತಾನಾಗಿಯೇ ಜೋರಾಗಿರುವುದರಿಂದ ಅದಕ್ಕೆ ಮೈಕ್ ಅಷ್ಟಾಗಿ ಕೊಟ್ಟಿರುವುದಿಲ್ಲ. ಎದುರು ಕೂತವರಿಗೆ ಚೆಂಡೆ ಕಿವಿ ಒಡೆಯುತ್ತಿದ್ದರೂ ಲೈವ್‌ನಲ್ಲಿ ಎಲ್ಲೋ ದೂರದಲ್ಲಿ ಬಡಿದ ಹಾಗೆ ಕೇಳುತ್ತದೆ. ಅದಕ್ಕೇ ರಂಗಸ್ಥಳದ ಎದುರು ನಮ್ಮದೇ ಒಂದು ಮೈಕ್ ಇಟ್ಟು ಸೇರಿಸುತ್ತೇನೆ.

ಮದುವೆಯ ರಿಸೆಪ್ಷನ್‌ನಲ್ಲಿ ಸಿನಿಮಾ ಹಾಡು ಹಾಕಿದ ಕೂಡಲೇ ಮಿಕ್ಸರ್ ಲೈನ್ ಇಳಿಸಿಬಿಡಿ. ಹಕ್ಕುಸ್ವಾಮ್ಯದ ಹಾಡು ಕೇಳಿಸಿದರೆ ಯೂಟ್ಯೂಬ್ ಲೈವ್ ಅನ್ನೇ ತಡೆಯಬಹುದು. ಲಿಂಕ್ ಇದ್ದವರಿಗೆ ಮಾತ್ರ ಕಾಣುವ Unlisted ವಿಡಿಯೋ ಆದರೂ ರಿಯಾಯಿತಿ ಇಲ್ಲ.

ಲೆಕ್ಕ ಹೇಳುತ್ತೇನೆ, ಆಸೆ ಜಾಸ್ತಿ ಆಗಬಾರದು. ಒಂದು ಕಾರ್ಯಕ್ರಮಕ್ಕೆ 6,000 ರೂಪಾಯಿ ತೆಗೆದುಕೊಳ್ಳುತ್ತೇನೆ. ಸಹಾಯಕ್ಕೆ ಬರುವ ಹುಡುಗನಿಗೆ 1,500, ಪೆಟ್ರೋಲ್ ಮತ್ತು ಡೇಟಾಕ್ಕೆ 500. ಡೇಟಾ ಕಡಿಮೆ ಅಂದುಕೊಳ್ಳಬೇಡಿ, 4000 ಕೆಬಿಪಿಎಸ್‌ನಲ್ಲಿ ಗಂಟೆಗೆ 1.8 ಜಿಬಿ ಹೋಗುತ್ತದೆ. ಉಳಿಯುವುದು 4,000. ಶನಿವಾರದ ಭೇಟಿ ಸೇರಿಸಿ ಹತ್ತು ಗಂಟೆ ದುಡಿಮೆ. ತಿಂಗಳಿಗೆ ಎರಡಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ. ವಾರದ ದಿನದ ಮುಹೂರ್ತಕ್ಕೆ ಖಡಾಖಂಡಿತ ಇಲ್ಲ ಅನ್ನುತ್ತೇನೆ, ಅತ್ತೆಯ ಮಗಳ ಮದುವೆಯಾದರೂ ಸರಿ. ಸೀಸನ್ ನವೆಂಬರ್‌ನಿಂದ ಮೇ ಕೊನೆಯ ಪತ್ತನಾಜೆವರೆಗೆ. ಮಳೆಗಾಲದ ಆಟಿ ತಿಂಗಳಲ್ಲಿ ಯಾರೂ ಕರೆಯುವುದಿಲ್ಲ. ಆಗ ಕ್ಯಾಮೆರಾವನ್ನು ಸಿಲಿಕಾ ಜೆಲ್ ಹಾಕಿದ ಗಟ್ಟಿ ಡಬ್ಬಿಯಲ್ಲಿಡಿ, ನಮ್ಮ ಮಳೆಗೆ ಲೆನ್ಸ್‌ಗೂ ಬೂಷ್ಟು ಹಿಡಿಯುತ್ತದೆ. ದೈವದ ನೇಮದ ಲೈವ್ ನಾನು ಮಾಡುವುದಿಲ್ಲ. ಮನೆಯವರು ಒಪ್ಪಿದರೂ ದೈವ ಕಟ್ಟುವವರಿಗೋ ಊರಿನವರಿಗೋ ಅದು ಸರಿ ಕಾಣದೆ ಇರಬಹುದು.

ಶುರು ಮಾಡುವ ಮೊದಲು ನಿಮ್ಮ ಆಫರ್ ಲೆಟರ್ ತೆಗೆದು ಓದಿ. ಬೇರೆ ಸಂಪಾದನೆಗೆ ಲಿಖಿತ ಅನುಮತಿ ಬೇಕು ಎಂದಿದ್ದರೆ ಎಚ್‌ಆರ್‌ಗೆ ಮೇಲ್ ಹಾಕಿ ಉತ್ತರ ಇಟ್ಟುಕೊಳ್ಳಿ. ಕಂಪನಿಯ ಲ್ಯಾಪ್‌ಟಾಪ್ ಮಾತ್ರ ಮುಟ್ಟಬೇಡಿ. ಸೇವೆಯಿಂದ ಬರುವ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿಯ ಚಿಂತೆ ಇಲ್ಲ. ಆದರೆ ಇದು ವ್ಯಾಪಾರದ ಆದಾಯ, ಸಂಬಳದವರು ಹಾಕುವ ITR-1 ನಡೆಯುವುದಿಲ್ಲ. ಮನೆ ಸಾಲಕ್ಕಾಗಿ ಹಳೆಯ ತೆರಿಗೆ ಪದ್ಧತಿಯಲ್ಲಿದ್ದೀರಿ ಅಂತಾದರೆ ಮೊದಲ ದುಡ್ಡು ಬರುವ ಮುಂಚೆಯೇ ಆಡಿಟರ್ ಹತ್ತಿರ ಹೋಗಿ. ಸಂಬಳ ಮಾತ್ರ ಇರುವವರು ವರ್ಷ ವರ್ಷವೂ ಹಳೆಯದು, ಹೊಸದು ಎಂದು ಬದಲಾಯಿಸಬಹುದು. ವ್ಯಾಪಾರದ ಆದಾಯ ಬಂದವರಿಗೆ ಆ ಸಲಿಗೆ ಇಲ್ಲ.