ನಾಲ್ಕು ಗಾಡಿಗೆ 44ಎಇ ಆದಾಯ: ಗಾಡಿ ಗಾಡಿಗೂ ಲೆಕ್ಕ ಹೇಗೆ?

ಪ್ರಶ್ನೆ: ದಾವಣಗೆರೆಯಲ್ಲಿ ನನ್ನ ಹೆಸರಿನಲ್ಲೇ ಲಾರಿ ಬಾಡಿಗೆ ವ್ಯವಹಾರ. 10 ಚಕ್ರದ್ದು ಒಂದು, 6 ಚಕ್ರದ್ದು ಒಂದು ವರ್ಷಪೂರ್ತಿ ಇದ್ದವು, ಆದರೆ 6 ಚಕ್ರದ್ದು ಮೂರು ತಿಂಗಳು ಗ್ಯಾರೇಜಿನಲ್ಲೇ ನಿಂತಿತ್ತು. ಮಿನಿ ಲಾರಿಯನ್ನು 2025ರ ಮೇ 20ಕ್ಕೆ ಕಂತಿನ ಮೇಲೆ ಕೊಟ್ಟೆ, ಆರ್‌ಸಿ ಇನ್ನೂ ನನ್ನ ಹೆಸರಲ್ಲಿದೆ. ಸೆಪ್ಟೆಂಬರ್ 18ಕ್ಕೆ ಸಾಲ ಮಾಡಿ ಇನ್ನೊಂದು ಗಾಡಿ ತಗೊಂಡೆ. 2025-26ಕ್ಕೆ ಆದಾಯ ತೆರಿಗೆ ಕಾಯ್ದೆಯ 44ಎಇ ಕಲಮಿನ ಪ್ರಕಾರ ಆದಾಯ ಎಷ್ಟು ತೋರಿಸಬೇಕು? ಡೀಸೆಲ್, ಇಎಂಐ, ರಿಪೇರಿ ಕಳೆಯಬಹುದಾ?

ಉತ್ತರ: ಮೊದಲು ನಾಲ್ಕೂ ಗಾಡಿಯ ಆರ್‌ಸಿ ತೆಗೆದು ಮುಂದಿಟ್ಟುಕೊಳ್ಳಿ. ಈ ಲೆಕ್ಕಕ್ಕೆ ಟ್ರಿಪ್ ಶೀಟು ಬೇಕಿಲ್ಲ, ಡೀಸೆಲ್ ಬಿಲ್ಲೂ ಬೇಕಿಲ್ಲ. ಗಾಡಿಯ ತೂಕ ಎಷ್ಟು, ವರ್ಷದಲ್ಲಿ ಎಷ್ಟು ತಿಂಗಳು ನಿಮ್ಮದಾಗಿತ್ತು, ಇವೆರಡೇ ಸಾಕು.

ಆರ್‌ಸಿಯಲ್ಲಿ ತೂಕದ ಎರಡು ಅಂಕಿ ಇರುತ್ತವೆ. ಒಂದು Unladen Weight, ಅಂದರೆ ಖಾಲಿ ಗಾಡಿಯ ತೂಕ. ಇನ್ನೊಂದು Gross Vehicle Weight, ಗಾಡಿ ಮತ್ತು ಹೊರಬಹುದಾದ ಲೋಡು ಎರಡೂ ಸೇರಿದ ತೂಕ. ಕೆಲವು ಆರ್‌ಸಿಗಳಲ್ಲಿ ಇದನ್ನೇ Laden Weight ಎಂದು ಬರೆದಿರುತ್ತಾರೆ. ಲಾರಿಗೆ ನೋಡಬೇಕಾದದ್ದು ಈ ಒಟ್ಟು ತೂಕ. ಅದು 12,000 ಕಿಲೋ ದಾಟಿದ್ದರೆ ಕಾಯ್ದೆಯ ಲೆಕ್ಕದಲ್ಲಿ ಭಾರಿ ಸರಕು ವಾಹನ. ಟನ್ನಿಗೆ ತಿಂಗಳಿಗೆ 1,000 ರೂಪಾಯಿಯಂತೆ ಆದಾಯ ಹಿಡಿಯಬೇಕು. 12,000 ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೂಕದ ಗೊಡವೆಯೇ ಇಲ್ಲ, ಗಾಡಿಗೆ ತಿಂಗಳಿಗೆ 7,500.

ಅತಿ ಹೆಚ್ಚು ತಪ್ಪಾಗುವುದು ಇಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಲಮಿನಲ್ಲಿ ‘ಒಟ್ಟು ತೂಕ ಅಥವಾ ಖಾಲಿ ತೂಕ, ಯಾವುದು ಅನ್ವಯಿಸುತ್ತದೋ ಅದು’ ಎಂಬ ಅರ್ಥದ ಮಾತಿದೆ. ಇದನ್ನು ಓದಿದವರು ಎರಡರಲ್ಲಿ ಕಡಿಮೆ ಇರುವುದನ್ನು ಆರಿಸಿಕೊಳ್ಳಬಹುದು ಅಂದುಕೊಂಡು ಖಾಲಿ ತೂಕ ಹಾಕಿಬಿಡುತ್ತಾರೆ. ಅದು ಆಯ್ಕೆ ಅಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಭಾರಿ ಸರಕು ವಾಹನ ಅಂದರೆ ಏನು ಎಂದು ಹೇಳುವಾಗ ಸರಕು ಗಾಡಿಗೆ ಒಟ್ಟು ತೂಕವನ್ನೂ, ಟ್ರ್ಯಾಕ್ಟರ್ ಮತ್ತು ರೋಡ್ ರೋಲರ್‌ಗೆ ಖಾಲಿ ತೂಕವನ್ನೂ ಅಳತೆಯಾಗಿ ಇಟ್ಟಿದ್ದಾರೆ. ಆ ‘ಅಥವಾ’ ಬಂದಿರುವುದು ಅಲ್ಲಿಂದ. ಲಾರಿಗೆ ಖಾಲಿ ತೂಕ ಹಾಕಿದರೆ ಆದಾಯ ಕಾಯ್ದೆ ಹೇಳುವುದಕ್ಕಿಂತ ತುಂಬಾ ಕಡಿಮೆ ಬೀಳುತ್ತದೆ.

ಇದರ ಜೊತೆಗೆ ಇನ್ನೊಂದು ಎಡವಟ್ಟು. ಐಟಿಆರ್-4ರಲ್ಲಿ ಗಾಡಿ ವಿವರ ತುಂಬುವ ಕಡೆ Tonnage Capacity ಎಂಬ ಕಾಲಂ ಇದೆ. ಆ ಹೆಸರು ನೋಡಿದ ತಕ್ಷಣ ನಮ್ಮವರು ‘ಎಷ್ಟು ಟನ್ ಲೋಡು ಹಾಕ್ತೀವಿ’ ಅನ್ನುವುದನ್ನು ಬರೆಯುತ್ತಾರೆ. ಎಪಿಎಂಸಿಯಲ್ಲಿ ಮೆಕ್ಕೆಜೋಳ ತುಂಬುವಾಗ ಹೇಳುವ ಟನ್ನೇ ಬೇರೆ, ಇಲ್ಲಿ ಬೇಕಾದ ಟನ್ನೇ ಬೇರೆ. ಆದಾಯ ಲೆಕ್ಕ ಹಾಕಿದ ಒಟ್ಟು ತೂಕವನ್ನೇ ಟನ್ನಿಗೆ ತಿರುಗಿಸಿ ಅಲ್ಲೂ ಹಾಕಿ; ಎರಡು ಕಡೆ ಎರಡು ಅಂಕಿ ಇರಬಾರದು.

ಇನ್ನು ತಿಂಗಳು. ತಿಂಗಳಲ್ಲಿ ಒಂದೇ ದಿನ ನಿಮ್ಮದಾಗಿದ್ದರೂ ಪೂರ್ತಿ ತಿಂಗಳು ಎಣಿಸಬೇಕು. ಕಾಯ್ದೆ ಕೇಳುವುದು ಗಾಡಿ ನಿಮ್ಮ ಒಡೆತನದಲ್ಲಿತ್ತೇ ಎಂದು, ಓಡಿತೇ ಎಂದಲ್ಲ. ಹಾಗಾಗಿ ನಿಮ್ಮ 6 ಚಕ್ರದ ಗಾಡಿ ಎಂಜಿನ್ ಇಳಿಸಿಕೊಂಡು ಮೂರು ತಿಂಗಳು ನಿಂತಿದ್ದರೂ ಹನ್ನೆರಡು ತಿಂಗಳೂ ಲೆಕ್ಕಕ್ಕೆ ಬರುತ್ತವೆ. ಬಾಡಿಗೆಯೂ ಇಲ್ಲ, ರಿಪೇರಿ ಖರ್ಚು ಬೇರೆ. ಅನ್ಯಾಯ ಅನಿಸುವುದು ಸಹಜ. ಆದರೆ ಈ ಕಲಮಿನೊಳಗೆ ಅದಕ್ಕೆ ರಿಯಾಯಿತಿ ಇಲ್ಲ.

ಮಿನಿ ಲಾರಿಯ ವಿಷಯದಲ್ಲಿ ಕಾಯ್ದೆ ನಿಮ್ಮ ಪರವಾಗಿದೆ. ಕಂತಿನ ಮೇಲೆ ಗಾಡಿ ಪಡೆದು ತನ್ನ ಸ್ವಾಧೀನದಲ್ಲಿ ಇಟ್ಟುಕೊಂಡವರು, ಹಣ ಇನ್ನೂ ಬಾಕಿ ಇದ್ದರೂ, 44ಎಇಗೆ ಮಾಲೀಕರು ಎಂದೇ ಲೆಕ್ಕ. ಆದ್ದರಿಂದ ಮೇ 20ರ ನಂತರ ಆ ಗಾಡಿ ನಿಮ್ಮ ಪಟ್ಟಿಯಲ್ಲಿ ಇರಬೇಕಿಲ್ಲ. ಏಪ್ರಿಲ್, ಮೇ ಎರಡು ತಿಂಗಳು ಸಾಕು. ಒಂದೇ ತೊಡಕು, ದಾಖಲೆಯಲ್ಲಿ ಇನ್ನೂ ನಿಮ್ಮ ಹೆಸರೇ ಕಾಣುತ್ತದೆ. ಕರಾರು ಪತ್ರ, ಗಾಡಿ ಒಪ್ಪಿಸಿದ ದಿನಾಂಕಕ್ಕೆ ಅವರ ಸಹಿ, ಕಂತು ಬಂದ ಬ್ಯಾಂಕ್ ಎಂಟ್ರಿ, ಈ ಮೂರನ್ನೂ ಫೈಲಿನಲ್ಲಿ ಇಡಿ. ನಾಳೆ ಅಪಘಾತವಾದರೆ ವಾರಸುದಾರರು ಹುಡುಕಿಕೊಂಡು ಬರುವುದು ಆರ್‌ಸಿಯಲ್ಲಿ ಹೆಸರಿರುವವರನ್ನೇ, ಆದ್ದರಿಂದ 29 ಮತ್ತು 30ನೇ ಫಾರಂ ಕೊಟ್ಟು ಹೆಸರು ಬದಲಾಯಿಸುವುದನ್ನು ಮುಂದೆ ಹಾಕಬೇಡಿ. ಇದೇ ನಿಯಮ ಸಾಲದ ಗಾಡಿಗೆ ತಿರುಗಿ ಅನ್ವಯಿಸುತ್ತದೆ: ಫೈನಾನ್ಸ್ ತೀರಿಲ್ಲ ಎಂದು ಅದನ್ನು ಬಿಡುವ ಹಾಗಿಲ್ಲ, ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಏಳು ತಿಂಗಳು.

ನೀವು ತೂಕ ಬರೆದಿಲ್ಲ. 10 ಚಕ್ರದ್ದು 28,500 ಕಿಲೋ, 6 ಚಕ್ರದ್ದು 18,500 ಕಿಲೋ, ಉಳಿದೆರಡೂ 12,000ದ ಒಳಗೆ ಎಂದು ಇಟ್ಟುಕೊಂಡು ಲೆಕ್ಕ ಹಾಕಿದ್ದೇನೆ. ಹಳೆಯ ಗಾಡಿಗಳ ಆರ್‌ಸಿಯಲ್ಲಿ ಇದಕ್ಕಿಂತ ಕಡಿಮೆ ಇರಬಹುದು. ನಿಮ್ಮದರಲ್ಲಿ ಏನಿದೆಯೋ ಅದನ್ನೇ ಹಾಕಿ. ಸಾಲು ಕ್ರಮವಾಗಿ 10 ಚಕ್ರ, 6 ಚಕ್ರ, ಮಿನಿ ಲಾರಿ, ಹೊಸ ಗಾಡಿ:

```
28.5 × 1000 × 12 = 3,42,000
18.5 × 1000 × 12 = 2,22,000
7500 × 2         =   15,000
7500 × 7         =   52,500
ಒಟ್ಟು             = 6,31,500
```

ಈ 6,31,500ರಿಂದ ಡೀಸೆಲ್, ಟೈರು, ಡ್ರೈವರ್ ಸಂಬಳ, ಟೋಲು, ವಿಮೆ, ಸಾಲದ ಬಡ್ಡಿ, ಸವಕಳಿ ಯಾವುದನ್ನೂ ಕಳೆಯುವಂತಿಲ್ಲ. ಅವೆಲ್ಲ ಕಳೆದ ಮೇಲೆ ಉಳಿದ ಆದಾಯ ಇದು ಎಂದು ಕಾಯ್ದೆಯೇ ಹಿಡಿದಿದೆ. ಇಎಂಐನಲ್ಲಿ ಅಸಲಿನ ಭಾಗವಂತೂ ಯಾವ ಲೆಕ್ಕದಲ್ಲೂ ಖರ್ಚಲ್ಲ. ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಪಾಲುದಾರರ ಸಂಬಳ, ಬಡ್ಡಿಯನ್ನು ಮಿತಿಯೊಳಗೆ ಕಳೆಯಬಹುದಿತ್ತು, ನಿಮ್ಮದು ಸ್ವಂತ ಹೆಸರಿನ ವ್ಯವಹಾರ.

ಬೇರೆ ಆದಾಯ ಇಲ್ಲದಿದ್ದರೆ ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದ ಮೇಲಿನ 2,31,500ಕ್ಕೆ ಶೇಕಡಾ 5ರಂತೆ 11,575 ಬರುತ್ತದೆ. ಒಟ್ಟು ಆದಾಯ 12 ಲಕ್ಷದೊಳಗೆ ಇರುವುದರಿಂದ ರಿಬೇಟಿನಲ್ಲಿ ಅದು ಪೂರ್ತಿ ಹೋಗುತ್ತದೆ, ಕಟ್ಟುವುದು ಸೊನ್ನೆ. ಆದರೂ ರಿಟರ್ನ್ ಹಾಕಲೇಬೇಕು, ಏಕೆಂದರೆ ಆದಾಯ 4 ಲಕ್ಷ ದಾಟಿದೆ.

ರಿಟರ್ನ್ ತುಂಬುವ ಮುಂಚೆ 26ಎಎಸ್ ನೋಡಿ. ಯಾವುದಾದರೂ ಟ್ರಾನ್ಸ್‌ಪೋರ್ಟ್ ಆಫೀಸಿನವರು 194ಸಿ ಅಡಿ ಟಿಡಿಎಸ್ ಹಿಡಿದಿದ್ದರೆ ಅಲ್ಲಿ ನಿಮ್ಮ ಬಾಡಿಗೆ 40 ಲಕ್ಷವೋ 50 ಲಕ್ಷವೋ ಎಂದು ಕಾಣಬಹುದು. ಅದನ್ನು ನೋಡಿ ಗಾಬರಿಯಾಗಿ 44ಎಡಿಗೆ ಹೋಗಿ, ಬಾಡಿಗೆಯ ಶೇಕಡಾ 6 ಅಥವಾ 8 ತೋರಿಸುವವರಿದ್ದಾರೆ. ಅದು ತಪ್ಪು. ಸರಕು ಗಾಡಿ ಓಡಿಸುವ, ಬಾಡಿಗೆಗೆ ಕೊಡುವ ವ್ಯವಹಾರವನ್ನು 44ಎಡಿಯಿಂದ ಹೊರಗಿಟ್ಟಿದ್ದಾರೆ. ಹಿಡಿದ ಟಿಡಿಎಸ್ ಅನ್ನು ವಾಪಸ್ ಕೇಳಿ, ಆದಾಯವನ್ನು ಮಾತ್ರ ಗಾಡಿ ಲೆಕ್ಕದಲ್ಲೇ ತೋರಿಸಿ. ಮುಂದೆ ಟಿಡಿಎಸ್ ಬೇಡ ಎಂದರೆ, ವರ್ಷದಲ್ಲಿ ಯಾವಾಗಲೂ ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲ ಎಂಬ ಘೋಷಣೆಯನ್ನು ಪ್ಯಾನ್ ಸಮೇತ ಬಾಡಿಗೆ ಕೊಡುವವರಿಗೆ ಬರೆದುಕೊಡಿ. ನೀವು ಬೇರೆಯವರ ಲಾರಿಗೆ ಲೋಡು ಕೊಡಿಸಿ ಕಮಿಷನ್ ತಗೊಳ್ಳುತ್ತಿದ್ದರೆ ಆ ಕಮಿಷನ್ ಮಾತ್ರ ಬೇರೆ ಆದಾಯ, ಈ 6,31,500ರಲ್ಲಿ ಅದು ಸೇರಿಲ್ಲ.

‘ನಿಜವಾಗಿ ಇಷ್ಟು ಉಳಿದೇ ಇಲ್ಲ’ ಎಂದರೆ ಕಡಿಮೆ ತೋರಿಸಲು ದಾರಿ ಇದೆ: ಪೂರ್ತಿ ಲೆಕ್ಕಪುಸ್ತಕ ಇಟ್ಟು ಆಡಿಟ್ ಮಾಡಿಸಬೇಕು, ರಿಟರ್ನ್ ಐಟಿಆರ್-3. 44ಎಡಿಯಂತೆ ಒಮ್ಮೆ ಬಿಟ್ಟರೆ ಐದು ವರ್ಷ ಒಳಗೆ ಬರುವಂತಿಲ್ಲ ಎಂಬ ತಡೆ ಇಲ್ಲಿಲ್ಲ. ಆದರೆ ನಿಮಗೆ ತೆರಿಗೆಯೇ ಸೊನ್ನೆ ಇರುವಾಗ ಆಡಿಟ್ ಫೀಸು ಕೊಟ್ಟು ಆದಾಯ ಇಳಿಸಿಕೊಳ್ಳುವುದರಲ್ಲಿ ಅರ್ಥ ಕಾಣುವುದಿಲ್ಲ. ಉಲ್ಟಾ, ಹೆಚ್ಚು ಉಳಿದಿದ್ದು ಅದರಿಂದಲೇ ಹೊಸ ಗಾಡಿಗೆ ಮುಂಗಡ ಕಟ್ಟಿದ್ದರೆ ಹೆಚ್ಚಿನ ಅಂಕಿಯನ್ನೇ ತೋರಿಸಿ. ಕಲಮಿನಲ್ಲಿರುವುದು ನಿಗದಿ ಮೊತ್ತ ಅಥವಾ ನೀವು ಗಳಿಸಿದ್ದಾಗಿ ಹೇಳುವ ಮೊತ್ತ, ಎರಡರಲ್ಲಿ ಹೆಚ್ಚಿನದು. ತೋರಿಸಿದ ಆದಾಯಕ್ಕೂ ಕಟ್ಟಿದ ದುಡ್ಡಿಗೂ ತಾಳೆಯಾಗದಿದ್ದರೆ ಹಣ ಎಲ್ಲಿಂದ ಬಂತು ಎಂದು ಕೇಳುತ್ತಾರೆ.

ಕೊನೆಯದಾಗಿ ಮಿನಿ ಲಾರಿ ಮಾರಿದ ಹಣ. ಇದನ್ನು ಬಹಳ ಜನ ಮರೆತೇಬಿಡುತ್ತಾರೆ. 44ಎಇಯಲ್ಲಿ ನೀವು ಸವಕಳಿ ಕಳೆಯದಿದ್ದರೂ, ಪ್ರತಿ ವರ್ಷ ಕಳೆದಿದ್ದೀರಿ ಎಂದೇ ಹಿಡಿದು ಗಾಡಿಗಳ ಉಳಿಕೆ ಬೆಲೆ ಇಳಿಯುತ್ತದೆ. ಬಾಡಿಗೆ ಲಾರಿಗೆ ದರ ಶೇಕಡಾ 30. ಏಪ್ರಿಲ್ 1ಕ್ಕೆ ಮೂರು ಗಾಡಿಯ ಉಳಿಕೆ ಬೆಲೆ 21 ಲಕ್ಷ, ಹೊಸ ಗಾಡಿ 17 ಲಕ್ಷ, ಮಿನಿ ಲಾರಿ ಮಾರಿದ್ದು 3.20 ಲಕ್ಷಕ್ಕೆ ಅಂದುಕೊಳ್ಳಿ. 21ಕ್ಕೆ 17 ಕೂಡಿಸಿ 3.20 ಕಳೆದರೆ 34.80 ಲಕ್ಷ. ಕಂತು ಪೂರ್ತಿ ಬಂದಿಲ್ಲ ಎಂದು ಬಂದಷ್ಟನ್ನೇ ಕಳೆಯಬೇಡಿ, ಒಪ್ಪಿದ ಪೂರ್ತಿ ಬೆಲೆ ಕಳೆಯಬೇಕು. ಹೊಸ ಗಾಡಿ ತಗೊಂಡ ದಿನದಿಂದಲೇ ಬಾಡಿಗೆಗೆ ಓಡಿದ್ದರೆ ಮಾರ್ಚ್ 31ಕ್ಕೆ 180 ದಿನ ದಾಟಿರುತ್ತದೆ, ಹಾಗಾಗಿ ಅದಕ್ಕೂ ಪೂರ್ತಿ ಶೇಕಡಾ 30. ಸವಕಳಿ 10.44 ಲಕ್ಷ ಹೋಗಿ ಮುಂದಿನ ವರ್ಷಕ್ಕೆ 24.36 ಲಕ್ಷ ಉಳಿಯುತ್ತದೆ. ಈ ವರ್ಷ ಮಾರಿದ 3.20 ಲಕ್ಷಕ್ಕೆ ಬೇರೆ ತೆರಿಗೆ ಇಲ್ಲ. ಆದರೆ ಮುಂದಿನ ವರ್ಷವೇ ಉಳಿದ ಮೂರನ್ನೂ 30 ಲಕ್ಷಕ್ಕೆ ಮಾರಿ ವ್ಯವಹಾರ ನಿಲ್ಲಿಸಿದರೆ 5.64 ಲಕ್ಷ ಅಲ್ಪಾವಧಿ ಬಂಡವಾಳ ಲಾಭವಾಗಿ ಎದ್ದು ಬರುತ್ತದೆ, ಆ ವರ್ಷ ಐಟಿಆರ್-4 ಹಾಕಲೂ ಬರುವುದಿಲ್ಲ. ಅದಕ್ಕೆ ಈ ಉಳಿಕೆ ಬೆಲೆಯ ಲೆಕ್ಕವನ್ನು ಒಂದು ಹಾಳೆಯಲ್ಲಿ ವರ್ಷವರ್ಷ ಬರೆದು ಗಾಡಿ ಇನ್‌ವಾಯ್ಸ್ ಜೊತೆ ಇಡಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಮುಂದಿನ ವರ್ಷದ ಲೆಕ್ಕಕ್ಕೆ 44ಎಇ ಬದಲು 58ನೇ ಕಲಮು ನೋಡಬೇಕು. 2025-26ರ ಗಳಿಕೆಗೆ ಹಳೆಯ ಕಾಯ್ದೆಯೇ ಅನ್ವಯ.