ಪಿಜಿ ಬಿಡುವಾಗ ಡಿಪಾಸಿಟ್ ಎಷ್ಟು ಮರಳಬೇಕು?

ಪ್ರಶ್ನೆ: ಬೆಳಗಾವಿಯ ಟಿಳಕವಾಡಿಯಲ್ಲಿ ಪಿಜಿಯಲ್ಲಿದ್ದೇನೆ. ಬಿಡುವ ವಿಷಯ 20 ದಿನ ಮೊದಲೇ ಹೇಳಿದರೂ ಮಾಲೀಕರು ಪೂರ್ತಿ ಡಿಪಾಸಿಟ್ ಇಟ್ಟುಕೊಳ್ಳುತ್ತೇನೆ ಎನ್ನುತ್ತಾರೆ. ನಾನೂ ಬಾಡಿಗೆದಾರನೇ ಅಲ್ಲವೇ?

ಉತ್ತರ: ಸಾಮಾನ್ಯವಾಗಿ ಅಲ್ಲ. ಬಾಡಿಗೆ ಮನೆಯ ಸ್ವಾಧೀನ ಬಾಡಿಗೆದಾರನದು. ಪಿಜಿಯಲ್ಲಿ ಸಿಗುವುದು ಮಂಚ, ಕಪಾಟು, ಊಟ. ಕೋಣೆ ಮಾಲೀಕರ ಹಿಡಿತದಲ್ಲೇ ಇರುತ್ತದೆ, ಇನ್ನೊಬ್ಬರನ್ನು ತಂದು ಸೇರಿಸಲೂಬಹುದು. ಕಾನೂನಿನಲ್ಲಿ ಇದು ಬಾಡಿಗೆಯಲ್ಲ, ವಾಸಕ್ಕೆ ಮಾಲೀಕರು ಕೊಟ್ಟ ಪರವಾನಗಿ (1882ರ ಈಸ್‌ಮೆಂಟ್ಸ್ ಕಾಯ್ದೆ, 52ನೇ ಕಲಂ). ಪತ್ರದ ತಲೆಬರಹ ಏನೇ ಇರಲಿ, ಸ್ವಾಧೀನ ಯಾರದು ಎಂಬುದನ್ನು ನ್ಯಾಯಾಲಯ ಮುಖ್ಯವಾಗಿ ನೋಡುತ್ತದೆ. ಪರವಾನಗಿ ರದ್ದಾದರೂ ಸಾಮಾನು ಸಾಗಿಸಲು ಸಮಂಜಸ ಸಮಯ ಕೊಡಲೇಬೇಕು. ರಾತ್ರೋರಾತ್ರಿ ಗಂಟುಮೂಟೆ ಹೊರಗೆಸೆಯುವಂತಿಲ್ಲ.

ಹಾಗಾಗಿ ನಿಮ್ಮ ಹಣದ ಲೆಕ್ಕ ಕರಾರಿನ ಷರತ್ತುಗಳ ಮೇಲೇ ನಿಂತಿದೆ. ನೋಟಿಸ್ ಅವಧಿ, ನಿರ್ವಹಣೆ ಕಡಿತ, ಕನಿಷ್ಠ ವಾಸದ ಅವಧಿ, ಈ ಮೂರನ್ನು ಮೊದಲು ಹುಡುಕಿ. ಡಿಪಾಸಿಟ್ 10,000, ತಿಂಗಳಿಗೆ 6,000, ನೋಟಿಸ್ 30 ದಿನ, ಕಡಿತ 1,000 ರೂಪಾಯಿ ಎಂದಿಟ್ಟುಕೊಳ್ಳಿ. ನೀವು 10 ದಿನ ಕಡಿಮೆ ಕೊಟ್ಟಿದ್ದೀರಿ. ಅದರ ಬೆಲೆ 2,000. ಹಾಗಾದರೆ ಮರಳಬೇಕಾದದ್ದು 7,000.

‘ಪೂರ್ತಿ ಮುಟ್ಟುಗೋಲು’ ಎಂದೇ ಬರೆದಿದ್ದರೆ? ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಸಿಗುವುದು ಸಮಂಜಸ ಪರಿಹಾರವಷ್ಟೇ. ನಿಮ್ಮ ಮಂಚಕ್ಕೆ ಮರುದಿನವೇ ಬೇರೊಬ್ಬರು ಬಂದರೆ ಮಾಲೀಕರ ವಾದ ಇನ್ನೂ ಸಡಿಲ. ಬಾಯಿಮಾತಿನ ನೋಟಿಸ್ ನಂಬಬೇಡಿ, ಇವತ್ತೇ ವಾಟ್ಸ್‌ಆ್ಯಪ್‌ನಲ್ಲಿ ದಿನಾಂಕ ಹಾಕಿ ಕಳುಹಿಸಿ. ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು.