ರಿಕ್ರೂಟರ್‌ಗೆ ಕನ್ನಡ, ಇಂಗ್ಲಿಷ್ ಕಲಸಿ ಬರೆಯಬಹುದಾ?

ಪ್ರಶ್ನೆ: ನಾನು ಉಡುಪಿಯವಳು. ಬಿಕಾಂ ಮುಗಿಸಿ ಎರಡು ವರ್ಷ ಅಕೌಂಟ್ಸ್ ಕೆಲಸ ಮಾಡಿದ್ದೇನೆ. ಮಂಗಳೂರಿನ ಒಂದು ಕನ್ಸಲ್ಟೆನ್ಸಿಯ ಮೇಡಂ ವಾಟ್ಸಾಪ್‌ನಲ್ಲಿ "ಅಕೌಂಟೆಂಟ್ ಓಪನಿಂಗ್ ಉಂಟು, ಇಂಟರೆಸ್ಟ್ ಇದ್ರೆ ಡೀಟೇಲ್ಸ್ ಕಳಿಸಿ" ಅಂತ ಬರೆದಿದ್ದಾರೆ. ನಾನೂ ಹೀಗೇ ಮಿಕ್ಸ್ ಮಾಡಿ ಬರೆಯಬಹುದಾ, ಪೂರ್ತಿ ಇಂಗ್ಲಿಷೇ ಬೇಕಾ?

ಉತ್ತರ: ಮಾತಿಗೆ ಮಿಕ್ಸ್ ಮಾಡಿ, ಡೀಟೇಲ್ಸ್‌ಗೆ ಬೇಡ. ಅವರೇ ಹಾಗೆ ಶುರು ಮಾಡಿದ್ದಾರಲ್ಲ, ನೀವು ಉದ್ದದ ಇಂಗ್ಲಿಷ್ ಬರೆದರೆ ಸುಮ್ನೆ ದೂರ ನಿಂತ ಹಾಗೆ ಕಾಣುತ್ತದೆ. "ನಮಸ್ತೆ ಮೇಡಂ, ಇಂಟರೆಸ್ಟ್ ಉಂಟು, ಡೀಟೇಲ್ಸ್ ಕೆಳಗೆ ಹಾಕಿದ್ದೇನೆ" ಅಂದರೆ ಸಾಕು.

ಆದರೆ ಡೀಟೇಲ್ಸ್ ಅವರ ಹತ್ತಿರವೇ ಉಳಿಯುವುದಿಲ್ಲ. ಕನ್ಸಲ್ಟೆನ್ಸಿಯವರು ಅದನ್ನು ಕಂಪನಿಗೆ ಫಾರ್ವರ್ಡ್ ಮಾಡುತ್ತಾರೆ, ಇಲ್ಲವೇ ತಮ್ಮ ಎಕ್ಸೆಲ್ ಶೀಟಿಗೆ ಹಾಕುತ್ತಾರೆ, ಅಲ್ಲಿ ನೋಡುವವರಿಗೆ ಕನ್ನಡ ಬರುತ್ತದೋ ಇಲ್ಲವೋ ನಿಮಗೆ ಗೊತ್ತಿಲ್ಲ. ಅದಕ್ಕೆ ಎರಡನೇ ಮೆಸೇಜ್ ಬೇರೆಯಾಗಿ, ಪೂರ್ತಿ ಇಂಗ್ಲಿಷಿನಲ್ಲಿ ಕಳಿಸಿ. ಎಷ್ಟು ವರ್ಷದ ಅನುಭವ, ಟ್ಯಾಲಿ, ಜಿಎಸ್‌ಟಿ ರಿಟರ್ನ್‌ಗಳಲ್ಲಿ ನೀವೇ ಏನು ಮಾಡಿದ್ದೀರಿ, ಈಗಿನ ಸಂಬಳ, ಕೇಳುವ ಸಂಬಳ, ನೋಟಿಸ್ ಪೀರಿಯಡ್, ಇಷ್ಟೇ. ಒಂದೊಂದಕ್ಕೆ ಒಂದೊಂದು ಸಾಲು. ಅವರು ಕಾಪಿ ಮಾಡಿ ಹಾಗೇ ಕಳಿಸಬಹುದು.

ಮಿಕ್ಸ್ ಮಾಡಿದಾಗ ಜಾಸ್ತಿ ಎಡವಟ್ಟು ಆಗುವುದು ಸಂಬಳದಲ್ಲಿ. "ಈಗ 22 ಸಿಗ್ತದೆ" ಅಂತ ನಾವು ಮಾತಾಡುವುದು ತಿಂಗಳಿಗೆ ಕೈಗೆ ಬರುವ 22 ಸಾವಿರವನ್ನು. ಶೀಟಿನಲ್ಲಿ ಕೇಳುವುದು ವರ್ಷದ ಸಿಟಿಸಿ. 22 ಸಾವಿರವನ್ನು 12ರಿಂದ ಗುಣಿಸಿದರೆ 2.64 ಲಕ್ಷ, ಆದರೆ ಅದು ಬರೀ ಕೈಗೆ ಬಂದದ್ದು. ಪಿಎಫ್ ಇದ್ದರೆ ಕಂಪನಿ ಹಾಕುವ ಪಾಲು, ನಿಮ್ಮಿಂದ ಹಿಡಿದ ಪಾಲು ಎರಡೂ ಅದರಲ್ಲಿಲ್ಲ, ಹಾಗಾಗಿ ಸಿಟಿಸಿ ಇನ್ನೂ ಮೇಲೆ ಇರುತ್ತದೆ. ಕೈಗೆ ಬರುವುದು, ಸಿಟಿಸಿ ಎರಡನ್ನೂ ಬೇರೆ ಬೇರೆ ಬರೆಯಿರಿ. ಹಾಗೇ "ಬರುವ ತಿಂಗಳು ಜಾಯಿನ್ ಆಗ್ಬಹುದು" ಅನ್ನುವುದೂ ಬೇಡ, ತಾರೀಕು ಹಾಕಿ. ನಾನೇ ಹಿಂದೆ ರಿಕ್ರೂಟರ್ ಆಗಿದ್ದಾಗ ಒಬ್ಬರ ಇಂಥ ಮೆಸೇಜನ್ನು ಹಾಗೇ ಫಾರ್ವರ್ಡ್ ಮಾಡಿ, ಆಮೇಲೆ ಮೂರು ಸಲ ಫೋನ್ ಮಾಡಿ ಬಿಡಿಸಿ ಹೇಳಬೇಕಾಯಿತು.

ಇನ್ನೊಂದು, ಕನ್ನಡ ಬೆರೆಸಿದಾಗ ಕ್ರಿಯಾಪದದ ಕೊನೆ ನೋಡಿಕೊಳ್ಳಿ. "ಪ್ಲೀಸ್ ಕಾಲ್ ಮಾಡಿ" ಅಂದರೆ ಪ್ಲೀಸ್ ಇದ್ದರೂ ಆರ್ಡರ್ ಹಾಕಿದ ಹಾಗೆ. "ಫ್ರೀ ಇದ್ದಾಗ ಕಾಲ್ ಮಾಡ್ತೀರಾ ಮೇಡಂ?" ಹಿತ. ಮೇಡಂ ತುಳುವಿನವರು ಅಂತ ಅನಿಸಿದರೂ ಅವರಾಗಿ ತುಳುವಿಗೆ ಬರುವವರೆಗೆ ನೀವು ಹೋಗಬೇಡಿ.

ಗ್ರೂಪ್‌ಗೆ ಕಂಪನಿಯವರು ಸೇರಿದರೆ, ಮೇಲ್‌ನಲ್ಲಿ ಕೇಳಿದರೆ, ಅಥವಾ ಮೇಡಂ ಮಧ್ಯದಲ್ಲಿ ಪೂರ್ತಿ ಇಂಗ್ಲಿಷಿಗೆ ಬಂದರೆ ನೀವೂ ಬನ್ನಿ. ಇಂಗ್ಲಿಷಿನಲ್ಲಿ ಗ್ರಾಹಕರಿಗೆ ಉತ್ತರಿಸುವ ಕೆಲಸವಾದರೆ ಮೊದಲ ಮೆಸೇಜಿನಿಂದಲೇ ಇಂಗ್ಲಿಷ್, ಅಲ್ಲಿ ಅದನ್ನೇ ನೋಡುವುದು ಅಲ್ವಾ.